ದಿನಕ್ಕೆ ಇಪ್ಪತ್ತು ಪತ್ರ: ಹೇಳಿ ಬರೆಸೋದಾ, ಕೀಬೋರ್ಡಲ್ಲಿ ಕುಟ್ಟೋದಾ?

ರಾಜಾಜಿನಗರದಲ್ಲಿ ಮೊದಲ ಮಹಡಿಯ ಮೇಲಿರುವ ಒಂದು ಗೃಹ ನಿರ್ಮಾಣ ಸಹಕಾರ ಸಂಘದಲ್ಲಿ ನಾನು ಪತ್ರ ವ್ಯವಹಾರ ನೋಡಿಕೊಳ್ಳುತ್ತೇನೆ. ದಿನಕ್ಕೆ ಹದಿನೈದರಿಂದ ಇಪ್ಪತ್ತು ಪತ್ರ, ಎಲ್ಲವೂ ಕನ್ನಡದಲ್ಲಿ. ಸದಸ್ಯರಿಗೆ ಉತ್ತರ, ಜಲಮಂಡಳಿಗೆ ದೂರು, ಬೆಸ್ಕಾಂಗೆ ಜ್ಞಾಪನ, ಸಹಕಾರ ಇಲಾಖೆಗೆ ವಿವರಣೆ, ಬಾಕಿದಾರರಿಗೆ ತಿಳುವಳಿಕೆ ಪತ್ರ. ಟೈಪ್‌ರೈಟರ್ ಮೇಲೆ ಕೈ ಪಳಗಿಸಿಕೊಂಡು, ಆಮೇಲೆ ಕಂಪ್ಯೂಟರಿನ ‘ನುಡಿ’ ತಂತ್ರಾಂಶಕ್ಕೆ ಬಂದವಳು ನಾನು. ಎರಡು ವರ್ಷದ ಹಿಂದೆ ಹೊಸದಾಗಿ ಸೇರಿದ ಹುಡುಗ ಮೊದಲ ವಾರವೇ ಕೇಳಿದ: "ಮೇಡಂ, ಇಷ್ಟೊಂದು ಯಾಕೆ ಕುಟ್ತೀರಾ? ಬಾಯಲ್ಲಿ ಹೇಳಿದ್ರೆ ಅದೇ ಬರ್ಕೊಳುತ್ತೆ." ಅಂದಿನಿಂದ ಎರಡನ್ನೂ ಬಳಸುತ್ತಿದ್ದೇನೆ. ಯಾವುದು ಯಾವ ಪತ್ರಕ್ಕೆ ಒಗ್ಗುತ್ತದೆ ಎಂದು ಕಂಡುಕೊಂಡದ್ದನ್ನು ನನ್ನಂಥದೇ ಕುರ್ಚಿಯಲ್ಲಿ ಕೂತವರಿಗಾಗಿ ಬರೆಯುತ್ತಿದ್ದೇನೆ.

ವೇಗದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಹೇಳುವುದು ಕುಟ್ಟುವುದಕ್ಕಿಂತ ಬೇಗ, ಅದರಲ್ಲಿ ಅನುಮಾನವಿಲ್ಲ. ಆದರೆ ಪತ್ರ ಮುಗಿಯುವುದು ಅಕ್ಷರಗಳು ಪರದೆಯ ಮೇಲೆ ಮೂಡಿದಾಗಲ್ಲ, ಕಾರ್ಯದರ್ಶಿಗಳ ಸಹಿಗೆ ಹೋದಾಗ. ಈ ಎರಡರ ನಡುವೆ ತಿದ್ದುಪಡಿ ಅಂತ ಒಂದು ಕೆಲಸವಿದೆ. ಹೇಳಿ ಬರೆಸಿದ್ದನ್ನು ತಿದ್ದುವುದಕ್ಕೂ ಕುಟ್ಟಿದ್ದನ್ನು ತಿದ್ದುವುದಕ್ಕೂ ಬೇರೆ ಬೇರೆ ಕಣ್ಣು ಬೇಕು, ಎರಡರ ತಪ್ಪುಗಳ ಜಾತಿಯೇ ಬೇರೆ. ನನ್ನ ಆಯ್ಕೆಯೆಲ್ಲ ನಿಂತಿರುವುದು ಇದರ ಮೇಲೆ.

ಒಂದು ಪತ್ರ ಎಡವಟ್ಟಾದದ್ದು

ಹೇಳಿ ಬರೆಸಲು ಶುರು ಮಾಡಿದ ಮೊದಲ ತಿಂಗಳು. ನಿವೇಶನ ಬದಲಾವಣೆ ಕೇಳಿದ್ದ ಸದಸ್ಯರೊಬ್ಬರಿಗೆ ಉತ್ತರ ಹೋಗಬೇಕಿತ್ತು. ನಾನು ಹೇಳಿದ ವಾಕ್ಯಗಳು ಎರಡು: "ತಮ್ಮ ಮನವಿಯನ್ನು ಪರಿಗಣಿಸಲಾಗಿದೆ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಮಂಡಿಸಲಾಗುವುದು." ಪರದೆಯ ಮೇಲೆ ಬಂದದ್ದು ಹೀಗೆ: "ತಮ್ಮ ಮನವಿಯನ್ನು ಪರಿಗಣಿಸಲಾಗದೆ ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಮಂಡಿಸಲಾಗುವುದು."

ಓದಿ ನೋಡಿ. ಎಲ್ಲೂ ಕಾಗುಣಿತ ತಪ್ಪಿಲ್ಲ, ವಾಕ್ಯ ಸರಾಗವಾಗಿ ಹರಿಯುತ್ತದೆ. ನಾನೂ ಓದಿದೆ, ಕಾರ್ಯದರ್ಶಿಗಳೂ ಓದಿ ಸಹಿ ಹಾಕಿದರು. ಸದಸ್ಯರು ಮಾತ್ರ ಪತ್ರ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು: "ಪರಿಗಣಿಸೋಕೆ ಆಗಲ್ಲ ಅಂತ ಬರ್ದಿದೀರಲ್ಲಮ್ಮಾ, ಆಮೇಲೆ ಸಭೆಗೆ ಯಾಕೆ ಇಡ್ತೀರಿ?" ಅವರಿಗೆ ಕಾಫಿ ತರಿಸಿ, ಬೇರೆ ಪತ್ರ ಕೊಟ್ಟು ಕಳಿಸಿದೆವು.

ಹೀಗಾಗಲು ಎರಡು ಕಾರಣ ಒಟ್ಟಿಗೆ ಕೂಡಿದ್ದವು. ನಾವು ಬೆಂಗಳೂರಿನವರು ಆಡುವಾಗ ಪದದ ನಡುವಿನ ಹ್ರಸ್ವ ಸ್ವರವನ್ನು ನುಂಗುತ್ತೇವೆ. ‘ಮಾಡಿದರೆ’ ಬಾಯಲ್ಲಿ ‘ಮಾಡಿದ್ರೆ’, ‘ಬರುತ್ತಾನೆ’ ಅನ್ನುವುದು ‘ಬರ್ತಾನೆ’. ಹಾಗೆಯೇ ಅವಸರದಲ್ಲಿ ‘ಲಾಗಿದೆ’ ಅನ್ನುವಾಗ ನಡುವಿನ ‘ಗಿ’ಯ ಇಕಾರ ತೇಲಿಹೋಗುತ್ತದೆ. ಉಳಿಯುವ ಸದ್ದು ‘ಲಾಗ್ದೆ’ಗೆ ಹತ್ತಿರ, ಅದನ್ನು ‘ಲಾಗದೆ’ ಅಂತ ಬರೆದುಕೊಂಡರೆ ಯಂತ್ರವನ್ನು ಬೈಯುವಂತಿಲ್ಲ. ಇನ್ನೊಂದು ಕಾರಣ ಪೂರ್ಣವಿರಾಮ. ನಾವು ಹೇಳಿ ಬರೆಸಲು ಬಳಸುವ ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್‌ನಲ್ಲಿ ವಿರಾಮ ಚಿಹ್ನೆಗಳನ್ನು ಬಾಯಲ್ಲಿ ಹೇಳಿ ಹಾಕಿಸುವ ಸೌಲಭ್ಯ ಇಂಗ್ಲಿಷ್, ಜರ್ಮನ್, ಫ್ರೆಂಚ್‌ನಂಥ ಕೆಲವೇ ಭಾಷೆಗಳಿಗಿದೆ, ಕನ್ನಡಕ್ಕಿಲ್ಲ. ‘ಪೂರ್ಣವಿರಾಮ’ ಅಂದರೆ ಆ ಪದವನ್ನೇ ಬರೆದುಕೊಳ್ಳುತ್ತದೆ. ಚುಕ್ಕಿ ಇದ್ದಿದ್ದರೆ "ಪರಿಗಣಿಸಲಾಗದೆ." ಎಂದು ವಾಕ್ಯ ನಿಂತು ಕಣ್ಣಿಗೆ ಚುಚ್ಚುತ್ತಿತ್ತು. ಇಲ್ಲದ್ದರಿಂದ ಎರಡು ವಾಕ್ಯ ಬೆಸೆದುಕೊಂಡು ಹೊಸ ಅರ್ಥವೇ ಹುಟ್ಟಿತು.

ಈಗ ಕೀಬೋರ್ಡಿನ ತಪ್ಪನ್ನು ನೋಡಿ. ಬೆರಳು ಪಕ್ಕದ ಕೀಲಿಗೆ ತಗಲಿದರೆ ‘ಪರಿಗಣಿಸಲಾಗಿದೆ’ ಅನ್ನುವುದು ‘ಪರಿಗಣುಸಲಾಗಿದೆ’ ಆಗಬಹುದು. ಅಂಥ ಪದವೇ ಕನ್ನಡದಲ್ಲಿಲ್ಲ, ಓದುವಾಗ ಕಣ್ಣು ತಾನಾಗಿ ಎಡವುತ್ತದೆ. ಕುಟ್ಟಿದ ತಪ್ಪು ಹರಿದ ಅಂಗಿಯ ಹಾಗೆ ದೂರದಿಂದಲೇ ಕಾಣುತ್ತದೆ. ಹೇಳಿ ಬರೆಸಿದ ತಪ್ಪು ಬೇರೆಯವರ ಅಂಗಿ ಹಾಕಿಕೊಂಡ ಹಾಗೆ, ಇಸ್ತ್ರಿ ನೀಟಾಗಿಯೇ ಇರುತ್ತದೆ.

ಕೀಬೋರ್ಡ್ ಪರವಾಗಿ ಪೂರ್ತಿ ವಕಾಲತ್ತು ವಹಿಸುವುದಕ್ಕೂ ಆಗುವುದಿಲ್ಲ. ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ವಿನ್ಯಾಸದಲ್ಲಿ ವ್ಯಂಜನದ ಕೀಲಿ ಒತ್ತಿದರೆ ಅಕಾರ ಸೇರಿಯೇ ಬರುತ್ತದೆ, `g` ಅಂದರೆ ‘ಗ’, `gi` ಅಂದರೆ ‘ಗಿ’. ಅಂದರೆ ‘ಲಾಗಿದೆ’ಗೆ `lAgide`, ‘ಲಾಗದೆ’ಗೆ `lAgde`. ಒಂದೇ ಒಂದು `i` ಬಿಟ್ಟುಹೋದರೆ ಕೀಬೋರ್ಡಿನಲ್ಲೂ ಅದೇ ಅನಾಹುತ. ನನಗೂ ಒಮ್ಮೆ ಆಗಿದೆ. ಆದರೆ ಕುಟ್ಟುವಾಗ ಬೆರಳಿಗೆ ಲೆಕ್ಕ ಗೊತ್ತಿರುತ್ತದೆ, ಒಂದು ಏಟು ಕಮ್ಮಿಯಾಯಿತು ಅಂತ ಕೈಯೇ ಹೇಳುತ್ತದೆ. ಹೇಳುವಾಗ ಅಂಥ ಸೂಚನೆ ಇಲ್ಲ, ನಮ್ಮ ಕಿವಿಗೆ ನಾವು ಸರಿಯಾಗಿ ಹೇಳಿದ ಹಾಗೆಯೇ ಕೇಳಿರುತ್ತದೆ.

ಕಚೇರಿ ಕನ್ನಡದಲ್ಲಿ ಕೈಕೊಡುವ ಪದಗಳು

ನನ್ನ ಮೇಜಿನ ಗಾಜಿನ ಕೆಳಗೆ ಒಂದು ಚೀಟಿ ಇದೆ. ಹೇಳಿ ಬರೆಸಿದಾಗ ಮತ್ತೆ ಮತ್ತೆ ಸಿಕ್ಕಿಬಿದ್ದ ಪದಗಳು ಅದರಲ್ಲಿವೆ. ಮೊದಲನೆಯದು ‘ಕಡತ’. ನಡುವಿನ ಸ್ವರ ನುಂಗಿದರೆ ‘ಕಡ್ತ’, ಅದು ‘ಕಡಿತ’ ಆಗಿ ಬರುತ್ತದೆ. "ಕಡತವನ್ನು ಮಂಡಿಸಲಾಗಿದೆ" ಅನ್ನುವುದು "ಕಡಿತವನ್ನು" ಆದರೆ ನಕ್ಕು ತಿದ್ದಬಹುದು. ಬೆಸ್ಕಾಂಗೆ ಬರೆಯುವ ಪತ್ರದಲ್ಲಿ ಹಾಗಲ್ಲ, ಅಲ್ಲಿ ವಿದ್ಯುತ್ ಕಡಿತವೂ ಇರುತ್ತದೆ, ಕಡತವೂ ಇರುತ್ತದೆ, ಯಾವುದು ಯಾವುದೋ.

ಎರಡನೆಯದು ಮಹಾಪ್ರಾಣ. ‘ಸಹಾಯಧನ’ವನ್ನು ನಾನು ಹೇಳಿದ್ದು ‘ಸಹಾಯದನ’ ಎಂದೇ ಇರಬೇಕು, ಒಮ್ಮೆ ‘ಸಹಾಯ ದನ’ ಅಂತ ಬಂದಿತ್ತು. ಕೊಟ್ಟಿಗೆಯಿಂದ ಹಿಡಿದು ತಂದು ಕಟ್ಟಬೇಕಾಗಿತ್ತು. ಕೀಬೋರ್ಡಿನಲ್ಲಿ ‘ಧ’ ಬೇಕೆಂದರೆ ಶಿಫ್ಟ್ ಒತ್ತಿ `D` ಹೊಡೆಯಬೇಕು, ‘ದ’ಕ್ಕೆ ಬರೀ `d`. ಬಾಯಿ ಮಾಡದ ವ್ಯತ್ಯಾಸವನ್ನು ಕೈ ಮಾಡಲೇಬೇಕಾಗುತ್ತದೆ. ಹಕಾರ ಬಿಡುವ ಅಭ್ಯಾಸವಿರುವವರಿಗೆ ಈ ತೊಂದರೆ ಇನ್ನೂ ಹೆಚ್ಚು. ನಮ್ಮ ಅಟೆಂಡರ್ ಒಬ್ಬರು ತಮಾಷೆಗೆ ಮೈಕ್ ಮುಂದೆ ಕೂತು ‘ಹಾಸನ’ ಅಂದಾಗ ‘ಆಸನ’ ಬಂತು. ಪಾಪ, ಮಷೀನು ಕೇಳಿದ್ದನ್ನೇ ಬರೆದಿತ್ತು.

ಮೂರನೆಯದು ಪದ ಒಡೆಯುವುದು. ಕನ್ನಡದಲ್ಲಿ ಕೂಡಿಸಿ ಬರೆಯುವುದು ಎಷ್ಟೋ ಇದೆ, ಯಂತ್ರಕ್ಕೆ ಎಲ್ಲಿ ಕೂಡಿಸಬೇಕು, ಎಲ್ಲಿ ಬಿಡಿಸಬೇಕು ಎಂಬುದು ಪ್ರತಿ ಸಲವೂ ಊಹೆ. ‘ಆದೇಶ’ ಹೋಗಿ ‘ಆ ದೇಶ’, ‘ಮೇಲ್ಕಂಡ’ ಹೋಗಿ ‘ಮೇಲ್ ಕಂಡ’. ಸಂದರ್ಭ ನೋಡಿದರೆ ಅರ್ಥ ತಿಳಿಯುತ್ತದೆ, ಆದರೆ ಇಂಥವು ಪತ್ರದಲ್ಲಿ ಮೂರು ಕಡೆ ಇದ್ದರೆ ಓದುವವರಿಗೆ ಕಚೇರಿಯ ಬಗ್ಗೆಯೇ ತಾತ್ಸಾರ ಬರುತ್ತದೆ. ‘ಸದರಿ’, ‘ಅವಗಾಹನೆ’, ‘ಲಗತ್ತಿಸಿದೆ’ ಮುಂತಾದ ಕಚೇರಿಯ ಪದಗಳು ಜನರ ಮಾತಿನಲ್ಲಿ ಕಡಿಮೆ. ಇಂಥ ಯಂತ್ರ ಸದ್ದಿನ ಜೊತೆಗೆ ಯಾವ ಪದ ಯಾವ ಪದದ ಪಕ್ಕ ಬರುವುದು ರೂಢಿ ಎಂಬುದನ್ನೂ ತೂಗಿ ನೋಡುತ್ತದೆ. ಅದಕ್ಕೇ ‘ಸದರಿ’ ಅಂತ ಒಂಟಿಯಾಗಿ ಹೇಳಿದರೆ ‘ಸರಿ’ ಆಗಿಬಿಡುವ ಸಂಭವ ಹೆಚ್ಚು, "ಸದರಿ ನಿವೇಶನದ ಖಾತೆಯು" ಎಂದು ಒಂದೇ ಉಸಿರಿಗೆ ಹೇಳಿದರೆ ಉಳಿದುಕೊಳ್ಳುತ್ತದೆ. ಹೊಸಬರು ಒಂದೊಂದೇ ಪದ ಹೇಳಿ, ನಿಲ್ಲಿಸಿ, ಪರದೆ ನೋಡುತ್ತಾರೆ. ಅದೇ ಅವರಿಗೆ ಮುಳುವು. ಮನಸ್ಸಿನಲ್ಲಿ ಇಡೀ ವಾಕ್ಯ ಕಟ್ಟಿಕೊಂಡು, ಪದದ ಕೊನೆ ಮತ್ತು ನಡುವಿನ ಸ್ವರಗಳನ್ನು ನುಂಗದೆ, ವಾರ್ತೆ ಓದುವವರ ಹಾಗೆ ಹೇಳಬೇಕು.

ಅಂಕಿಗಳ ಬಗ್ಗೆ ಒಂದೇ ಮಾತು: ಹೇಳಬೇಡಿ. ಪತ್ರ ಸಂಖ್ಯೆ, ದಿನಾಂಕ, ಮೊತ್ತ, ನಿವೇಶನ ಸಂಖ್ಯೆ, ಮನೆತನದ ಹೆಸರು, ಇನಿಷಿಯಲ್, ಇವೆಲ್ಲ ಕೀಬೋರ್ಡಿನದೇ ಕೆಲಸ. ಓರೆಗೆರೆ, ಚುಕ್ಕಿ, ಅಡ್ಡಗೆರೆ ಇರುವ ಪತ್ರ ಸಂಖ್ಯೆಯನ್ನು ಬಾಯಲ್ಲಿ ಹೇಳಿ ಸರಿಪಡಿಸುವಷ್ಟರಲ್ಲಿ ನಾಲ್ಕು ಸಲ ಕುಟ್ಟಬಹುದು.

ಒಂದು ಪತ್ರವನ್ನು ಎರಡೂ ರೀತಿ ಮಾಡಿ ನೋಡಿದ್ದು

ಕಳೆದ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಒಂದು ಅಡ್ಡರಸ್ತೆಗೆ ನೀರು ಸರಿಯಾಗಿ ಬರುತ್ತಿರಲಿಲ್ಲ. ಜಲಮಂಡಳಿಯ ಸಹಾಯಕ ಕಾರ್ಯಪಾಲಕ ಎಂಜಿನಿಯರಿಗೆ ಪತ್ರ. ಅದನ್ನು ಹುಡುಗ ಹೇಳಿ ಬರೆಸಿದ, ನಾನು ಕುಟ್ಟಿದೆ, ಗೋಡೆ ಗಡಿಯಾರ ನೋಡಿಕೊಂಡು.

ಪತ್ರದ ತಲೆ ಇಬ್ಬರಿಗೂ ಒಂದೇ. ಸಂಘದ ಹೆಸರು, ಸಂಖ್ಯೆ, ದಿನಾಂಕ, ಇವರಿಗೆ, ಮಾನ್ಯರೇ, ವಿಷಯ, ಉಲ್ಲೇಖ. ಇದನ್ನು ನಾವು ಹೇಳುವುದೂ ಇಲ್ಲ, ಕುಟ್ಟುವುದೂ ಇಲ್ಲ, ಹಳೆಯ ಪತ್ರದ ನಕಲು ತೆಗೆದು ಬದಲಾಗುವ ನಾಲ್ಕು ಜಾಗ ಮಾತ್ರ ತುಂಬುತ್ತೇವೆ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅನ್ನುವ ಸಾಲಿಗೂ ನಾನು ಬೆರಳು ಸವೆಸುವುದಿಲ್ಲ. ಗೂಗಲ್ ಡಾಕ್ಸ್‌ನಲ್ಲಿ `Tools` ಒಳಗೆ `Preferences`, ಅಲ್ಲಿ `Substitutions` ಅಂತ ಇದೆ. ಎಡಗಡೆ ‘ಮೇವಿ’ ಅಂತ ಚುಟುಕು, ಬಲಗಡೆ ಪೂರ್ತಿ ಸಾಲು ಕೊಟ್ಟಿಟ್ಟಿದ್ದೇನೆ. ‘ಮೇವಿ’ ಕುಟ್ಟಿ ಸ್ಪೇಸ್ ಒತ್ತಿದರೆ ಸಾಲು ಬಂದು ಕೂರುತ್ತದೆ. ವರ್ಡ್‌ನಲ್ಲಿ ಇದೇ ಕೆಲಸಕ್ಕೆ `AutoCorrect Options` ಇದೆ. ಹೀಗೆ ಹತ್ತು ಹನ್ನೆರಡು ಚುಟುಕು ಮಾಡಿಕೊಂಡರೆ ಕಚೇರಿ ಪತ್ರದಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಅದರಲ್ಲೇ ಮುಗಿಯುತ್ತದೆ. ಹೇಳಿ ಬರೆಸುವುದರ ವೇಗದ ಮಾತು ಉಳಿದ ಅರ್ಧಕ್ಕೆ ಮಾತ್ರ ಅನ್ವಯ.

ಆ ಉಳಿದ ಅರ್ಧ, ಅಂದರೆ ಒಡಲು, ಸುಮಾರು ತೊಂಬತ್ತು ಪದಗಳದ್ದು. ಎಂದಿನಿಂದ ನೀರು ಕಮ್ಮಿಯಾಯಿತು, ಯಾವ ಮನೆಗಳಿಗೆ ಸಂಪಿಗೂ ಏರುತ್ತಿಲ್ಲ, ಲೈನ್‌ಮನ್ ಬಂದು ವಾಲ್ವ್ ನೋಡಿ ಏನೆಂದರು, ಟ್ಯಾಂಕರ್ ತರಿಸಿದ ಖರ್ಚು, ಈಗ ಏನು ಕೋರುತ್ತೇವೆ. ನನಗೆ ಇದನ್ನು ಕುಟ್ಟಿ, ಒಮ್ಮೆ ಓದಿ ಮುಗಿಸಲು ಏಳು ನಿಮಿಷ ಹಿಡಿಯಿತು. ಹುಡುಗ ಹೇಳಿ ಮುಗಿಸಿದ್ದು ಒಂದು ನಿಮಿಷದ ಆಸುಪಾಸಿನಲ್ಲಿ. ಪರದೆಯ ಮೇಲೆ ಒಂದು ಭಾಗ ಹೀಗಿತ್ತು:

"ಕಳೆದ ಹತ್ತು ದಿನಗಳಿಂದ ನೀರಿನ ಒತ್ತಡ ತೀರಾ ಕಡಿಮೆ ಆಗಿದ್ದು ಸಂಪಿಗೆ ನೀರು ಏರುತ್ತಿಲ್ಲ ಈ ಬಗ್ಗೆ ತಮ್ಮ ಸಿಬ್ಬಂದಿಗೆ ತಿಳಿಸಲಾಗದೆ ವಾಲ್ ಪರಿಶೀಲಿಸಿರುತ್ತಾರೆ"

ಮೂರು ಕಡೆ ಗಮನಿಸಿ. ‘ಏರುತ್ತಿಲ್ಲ’ ಆದ ಮೇಲೆ ಚುಕ್ಕಿ ಇಲ್ಲ. ‘ವಾಲ್ವ್’ ಹೋಗಿ ‘ವಾಲ್’ ಆಗಿದೆ, ಇದೊಂದು ಕಣ್ಣಿಗೆ ಬೀಳುತ್ತದೆ. ‘ತಿಳಿಸಲಾಗಿದೆ’ ಮಾತ್ರ ಮತ್ತೆ ಅದೇ ಹಳೇ ಗುಂಡಿಗೆ ಬಿದ್ದಿದೆ: ತಿಳಿಸಿದ್ದೇವೆ ಎಂದು ಹೇಳಬೇಕಾದಲ್ಲಿ ತಿಳಿಸಲು ಆಗದೆ ಎಂದಾಗಿದೆ. ಜಲಮಂಡಳಿಯವರ ಮುಂದೆ ನಮ್ಮ ದೂರಿನ ಬುಡವೇ ಅಲ್ಲಾಡುವಂಥ ತಪ್ಪು. ಇನ್ನೊಂದು ತಮಾಷೆಯೂ ಇದೆ: ‘ಸಂಪಿಗೆ’ ಅಂದರೆ ಸಂಪ್‌ಗೆ ಎಂದೂ ಆಯಿತು, ಹೂವೂ ಆಯಿತು. ಅದನ್ನು ಯಂತ್ರದ ತಲೆಗೆ ಕಟ್ಟುವಂತಿಲ್ಲ, ನಾವೇ ಹಾಗೆ ಹೇಳಿದ್ದು. ‘ನೆಲತೊಟ್ಟಿಗೆ’ ಎಂದು ಬದಲಾಯಿಸಿದೆವು.

ತಿದ್ದಲು ಅವನಿಗೆ ಮೂರೂವರೆ ನಿಮಿಷ. ಒಟ್ಟು ನಾಲ್ಕೂವರೆ. ಏಳಕ್ಕೂ ನಾಲ್ಕೂವರೆಗೂ ಇರುವ ಅಂತರ ಸಣ್ಣದಲ್ಲ, ದಿನಕ್ಕೆ ಇಂಥ ಐದು ಪತ್ರ ಇದ್ದರೆ ಒಂದು ಕಾಫಿ ಕುಡಿದು ಬರಬಹುದು. ಆದರೆ ಅದೇ ಮಧ್ಯಾಹ್ನ ಮೂರು ಸಾಲಿನ ರವಾನೆ ಪತ್ರ ಒಂದನ್ನೂ ಹೀಗೇ ಮಾಡಿದೆವು: "ತಾವು ಕೋರಿದ ದಾಖಲೆಗಳ ಪ್ರತಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದೆ." ಕುಟ್ಟಿದ್ದು ಮೊದಲು ಮುಗಿಯಿತು. ಮೈಕ್ ತೆರೆದು, ಭಾಷೆ ಕನ್ನಡದಲ್ಲಿದೆಯೇ ನೋಡಿ, ಹೇಳಿ, ತಿದ್ದುವ ಉಪಚಾರಕ್ಕೆ ಮೂರು ಸಾಲು ಸಾಲದು. ಇನ್ನು ನಲವತ್ತು ಬಾಕಿದಾರರಿಗೆ ಒಂದೇ ಒಕ್ಕಣೆಯ ತಿಳುವಳಿಕೆ ಪತ್ರ ಹೋಗುವಾಗ ಎರಡೂ ಬೇಡ. ಒಕ್ಕಣೆ ಒಂದು ಸಲ ಬರೆದು, ಹೆಸರು ಮೊತ್ತಗಳನ್ನು ಎಕ್ಸೆಲ್ ಪಟ್ಟಿಯಿಂದ ವರ್ಡ್‌ನ ಮೇಲ್ ಮರ್ಜ್ ತುಂಬಿಕೊಳ್ಳಲಿ.

ನನ್ನ ಗೀಟು ಹೀಗೆ: ಒಡಲು ಐದಾರು ವಾಕ್ಯ ದಾಟಿ, ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುವ ಪತ್ರವಾದರೆ ಹೇಳಿ ಬರೆಸುತ್ತೇನೆ. ಅದಕ್ಕಿಂತ ಚಿಕ್ಕದು, ಅಥವಾ ಅಂಕಿ ಹೆಸರುಗಳೇ ತುಂಬಿದ್ದು, ಕೀಬೋರ್ಡಿಗೆ. ನೀವು ನನಗಿಂತ ನಿಧಾನ ಕುಟ್ಟುವವರಾದರೆ ಗೀಟನ್ನು ಇನ್ನೂ ಕೆಳಗೆ ಎಳೆಯಿರಿ, ಎರಡು ಬೆರಳಲ್ಲಿ ಹುಡುಕಿ ಒತ್ತುವವರಿಗೆ ನಾಲ್ಕು ವಾಕ್ಯಕ್ಕೇ ಮೈಕ್ ಲಾಭ. ಕೆ.ಪಿ. ರಾವ್ ವಿನ್ಯಾಸ ಚೆನ್ನಾಗಿ ಪಳಗಿದ್ದರೆ ಮೇಲೆ ಎಳೆಯಿರಿ. ಲೆಕ್ಕ ಹಾಕಿ ನೋಡಿದ್ದೇನೆ, "ಸದರಿ ಮನವಿಯನ್ನು ಪರಿಗಣಿಸಲಾಗಿದೆ" ಎಂಬ ಇಡೀ ವಾಕ್ಯಕ್ಕೆ ಸ್ಪೇಸ್ ಸೇರಿ 28 ಏಟು, ಅದರಲ್ಲಿ ಶಿಫ್ಟ್ ಬೇಕಾದವು ಎರಡೇ. ಒತ್ತಕ್ಷರಕ್ಕೆ ನಡುವೆ `f`, ಅಷ್ಟೇ. ಕನ್ನಡ ಕುಟ್ಟುವುದು ಕಷ್ಟ ಎನ್ನುವವರು ಬಹುಪಾಲು ವಿನ್ಯಾಸ ಕಲಿಯದೆ ಕುಟ್ಟಿದವರು.

ಮೈಕ್ ತೆರೆಯುವುದು ಹೇಗೆ, ತಿದ್ದುವುದು ಹೇಗೆ

ಕಂಪ್ಯೂಟರಿನಲ್ಲಿ ಕ್ರೋಮ್ ಬ್ರೌಸರ್ ತೆರೆದು ಗೂಗಲ್ ಡಾಕ್ಸ್‌ಗೆ ಹೋಗಿ. `Tools` ಮೆನುವಿನಲ್ಲಿ `Voice typing`, ಅಥವಾ ನೇರವಾಗಿ `Ctrl+Shift+S`. ಎಡಗಡೆ ಪುಟ್ಟ ಪೆಟ್ಟಿಗೆ ಬರುತ್ತದೆ, ಅದರ ಮೇಲಿನ ಪಟ್ಟಿಯಲ್ಲಿ ಕನ್ನಡ ಆರಿಸಿ, ಮೈಕ್ ಚಿತ್ರ ಒತ್ತಿ. ಕೆಂಪಾದರೆ ಕೇಳಿಸಿಕೊಳ್ಳುತ್ತಿದೆ ಎಂದರ್ಥ. ಮೈಕ್ ಆನ್ ಇರುವಾಗಲೇ ಕೀಬೋರ್ಡಿನಿಂದ ಚುಕ್ಕಿ, ಅಲ್ಪವಿರಾಮ, ಎಂಟರ್ ಒತ್ತಬಹುದು. ನನ್ನ ಅಭ್ಯಾಸ ಇದೇ: ಒಂದು ವಾಕ್ಯ ಹೇಳುವುದು, ಅಕ್ಷರಗಳು ನಿಲ್ಲುವವರೆಗೆ ಕಾಯುವುದು, ಚುಕ್ಕಿ ಒತ್ತುವುದು, ಮುಂದಿನ ವಾಕ್ಯ. ಎಲ್ಲ ಹೇಳಿದ ಮೇಲೆ ಒಟ್ಟಿಗೆ ಚುಕ್ಕಿ ಇಡುತ್ತೇನೆ ಎಂದು ಹೊರಟರೆ ಮೊದಲು ಹೇಳಿದ ಆ ಸದಸ್ಯರ ಪತ್ರದ ಗತಿಯೇ. ಮೊಬೈಲಿನಲ್ಲಾದರೆ ಗೂಗಲ್ಲಿನ ಕೀಬೋರ್ಡ್ ಆದ ಜಿಬೋರ್ಡ್‌ಗೆ ಕನ್ನಡ ಸೇರಿಸಿಕೊಂಡು ಮೈಕ್ ಒತ್ತುವುದು. ಗೂಗಲ್ಲಿನ ಧ್ವನಿ ಗುರುತಿಸುವಿಕೆಗೆ ಕನ್ನಡ ಬಂದದ್ದು 2017ರಲ್ಲಿ. ಫೋನು ಬಾಯಿಗೆ ಹತ್ತಿರ ಇರುವುದರಿಂದ ಗದ್ದಲದ ಕೋಣೆಯಲ್ಲಿ ಅದೇ ವಾಸಿ. ಅದೇ ಡಾಕ್ಸ್ ಕಡತವನ್ನು ಫೋನಿನಲ್ಲಿ ತೆರೆದು ಹೇಳಿ, ಕಂಪ್ಯೂಟರಿನಲ್ಲಿ ತಿದ್ದಬಹುದು.

ಗದ್ದಲದ ಮಾತು ಬಂತು. ನಮ್ಮ ಕಿಟಕಿ ಬಸ್ ನಿಲ್ದಾಣದ ಕಡೆಗಿದೆ. ಬೆಳಿಗ್ಗೆ ಹತ್ತರಿಂದ ಹನ್ನೊಂದು, ಸಂಜೆ ಐದರ ಮೇಲೆ ಹಾರ್ನ್ ಸದ್ದಿಗೆ ವಾಕ್ಯ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಪಕ್ಕದ ಮೇಜಿನವರು ಫೋನಿನಲ್ಲಿ ತಮಿಳಿನಲ್ಲೋ ತೆಲುಗಿನಲ್ಲೋ ಮಾತಾಡಿದರೆ ಅದನ್ನೂ ಕನ್ನಡ ಎಂದುಕೊಂಡು ಬರೆಯಲು ನೋಡುತ್ತದೆ. ಕಿವಿಗೆ ಹಾಕುವ ಮೈಕ್ ಇರುವ ಸಾದಾ ಇಯರ್‌ಫೋನ್ ಕೊಂಡ ಮೇಲೆ ಈ ಕಾಟ ಬಹಳ ಮಟ್ಟಿಗೆ ಹೋಯಿತು. ನೆಟ್ ಹೋದರೆ ಮಾತ್ರ ಡಾಕ್ಸ್‌ನ ಮೈಕ್‌ಗೆ ಬಾಯೇ ಇಲ್ಲ, ಕೀಬೋರ್ಡಿಗೆ ನೆಟ್ಟಿನ ಹಂಗಿಲ್ಲ.

ತಿದ್ದುವಾಗ ಸಾಲು ಸಾಲು ಓದಿದರೆ ಸಾಲದು ಎಂದು ಆಗಲೇ ಹೇಳಿದೆ, ತಪ್ಪು ಪದವೂ ಸರಿಯಾದ ಪದದ ವೇಷದಲ್ಲೇ ಕೂತಿರುತ್ತದೆ. ಅದಕ್ಕೆ ನಾನು ಓದುವ ಮೊದಲು ಹುಡುಕುತ್ತೇನೆ. `Ctrl+F` ಒತ್ತಿ ‘ಲಾಗದೆ’ ಎಂದು ಹಾಕುತ್ತೇನೆ, ಸಿಕ್ಕಿದ ಪ್ರತಿಯೊಂದಕ್ಕೂ ನಿಂತು ಕೇಳಿಕೊಳ್ಳುತ್ತೇನೆ: ಆಗಿದೆಯೋ, ಆಗಲಿಲ್ಲವೋ? ಆಮೇಲೆ ‘ಕಡಿತ’, ಆಮೇಲೆ ‘ದನ’. ನಿಮ್ಮ ಬಾಯಿಗೆ ತಕ್ಕ ಚೀಟಿ ನೀವೇ ಮಾಡಿಕೊಳ್ಳಬೇಕು, ಎರಡು ವಾರ ತಿದ್ದಿದ ಪದಗಳನ್ನು ಬರೆದಿಟ್ಟರೆ ತಾನಾಗಿ ತಯಾರಾಗುತ್ತದೆ. ಇದಾದ ಮೇಲೆ ಪ್ರತಿ ವಾಕ್ಯದ ಕ್ರಿಯಾಪದವನ್ನು ಮಾತ್ರ ಬೆರಳಿಟ್ಟು ನೋಡುತ್ತೇನೆ. ಕನ್ನಡದಲ್ಲಿ ಹೌದು ಅಲ್ಲ ಎರಡೂ ಇರುವುದು ವಾಕ್ಯದ ಬಾಲದಲ್ಲಿ.

ಹಳೆಯ ಕಡತಗಳ ತೊಡಕು

ಇದು ಧ್ವನಿಗೆ ಸಂಬಂಧವಿಲ್ಲದ ವಿಷಯದ ಹಾಗೆ ಕಾಣುತ್ತದೆ, ಆದರೆ ಹೇಳಿ ಬರೆಸಲು ಶುರು ಮಾಡಿದ ದಿನವೇ ಎದುರಾಗುತ್ತದೆ. ಹೇಳಿ ಬರೆಸಿದ್ದು ಯಾವಾಗಲೂ ಯೂನಿಕೋಡ್ ಕನ್ನಡ. ನಿಮ್ಮ ಕಚೇರಿಯ ಹಳೆಯ ಪತ್ರಗಳು ‘ನುಡಿ 01 ಇ’ ಥರದ ಅಕ್ಷರಶೈಲಿಯಲ್ಲಿದ್ದರೆ ಅವು ಯೂನಿಕೋಡ್ ಅಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಬಟ್ಟೆ ತೊಡಿಸಿದ್ದು. ಪರೀಕ್ಷೆ ಸುಲಭ: ಹಳೆಯ ಪತ್ರದ ಒಂದು ಪದ ಆರಿಸಿ ಫಾಂಟನ್ನು ಏರಿಯಲ್‌ಗೆ ಬದಲಾಯಿಸಿ. ‘ಕನ್ನಡ’ ಎಂಬುದು `PÀ£ÀßqÀ` ಎಂದು ಕಂಡರೆ ಹಳೆಯದು, ಕನ್ನಡವಾಗಿಯೇ ಉಳಿದರೆ ಯೂನಿಕೋಡ್.

ಹಳೆಯ ಪತ್ರದ ನಕಲು ತೆಗೆದು ನಡುವೆ ಹೇಳಿ ಬರೆಸಿದ ಒಡಲನ್ನು ಅಂಟಿಸಿದರೆ ಪುಟದಲ್ಲಿ ಎರಡು ಜಾತಿಯ ಅಕ್ಷರ ಸೇರುತ್ತದೆ. ಮುದ್ರಿಸಿದಾಗ ದಪ್ಪ ಸಣ್ಣ ಕಾಣುತ್ತದೆ, ಅದು ಹೋಗಲಿ. ಆರು ತಿಂಗಳ ನಂತರ ಸದಸ್ಯರ ಹೆಸರು ಹಾಕಿ ಹುಡುಕಿದರೆ ತಲೆಭಾಗದಲ್ಲಿರುವ ಹೆಸರು ಸಿಗುವುದೇ ಇಲ್ಲ. ಇಮೇಲಿನಲ್ಲಿ ಕಳಿಸಿದರೆ ಆಚೆಯವರಿಗೆ ಅರ್ಧ ಪತ್ರ ಕನ್ನಡ, ಅರ್ಧ ಕಸ. ಆದ್ದರಿಂದ ದಿನಾ ಬಳಸುವ ಮಾದರಿ ಪತ್ರಗಳನ್ನು ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ನುಡಿಯಲ್ಲೇ ಅದಕ್ಕೆ ಪರಿವರ್ತಕ ಇದೆ. ನಮ್ಮಲ್ಲಿ ಇಪ್ಪತ್ತಾರು ಮಾದರಿಗಳಿದ್ದವು, ಎರಡು ಮಧ್ಯಾಹ್ನದಲ್ಲಿ ಮುಗಿಯಿತು. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ. ಕುಟ್ಟುವುದನ್ನೂ ಅಂದಿನಿಂದ ಯೂನಿಕೋಡಿನಲ್ಲೇ ಮಾಡಿ. ನುಡಿ ಇಲ್ಲದ ಕಂಪ್ಯೂಟರಾದರೆ ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡುಗಳಿವೆ, ಭಾಷೆಯ ಸೆಟ್ಟಿಂಗ್‌ನಲ್ಲಿ ಸೇರಿಸಿ `Win+Space` ಒತ್ತಿ ಬದಲಾಯಿಸಬಹುದು. 2019ರಿಂದ ಅದರಲ್ಲಿ ಇಂಗ್ಲಿಷ್ ಅಕ್ಷರದ ಉಚ್ಚಾರಣೆಯಂತೆ ಕುಟ್ಟುವ `Kannada Phonetic` ಕೂಡ ಇದೆ. ಕೆ.ಪಿ. ರಾವ್ ವಿನ್ಯಾಸಕ್ಕೆ ಒಗ್ಗಿದ ಕೈಗೆ ಅದು ಮೊದಮೊದಲು ಕಿರಿಕಿರಿ, ಅಕಾರಕ್ಕೂ `a` ಒತ್ತಬೇಕು.

ಮೈ, ಗಂಟಲು, ಗುಟ್ಟು

ನನಗೆ ಬಲ ಮಣಿಕಟ್ಟು ನೋವಿದೆ. ಉದ್ದ ಪತ್ರಗಳನ್ನು ಹೇಳಿ ಬರೆಸಲು ಶುರು ಮಾಡಿದ ಮೇಲೆ ಸಂಜೆಯ ಹೊತ್ತಿಗೆ ಕೈ ಹಗುರ. ಆದರೆ ಒಂದೇ ಸಮನೆ ಎಂಟು ಪತ್ರ ಹೇಳಿದ ದಿನ ಗಂಟಲು ಕಟ್ಟಿತ್ತು. ಗಂಟಲು ದಣಿದರೆ ಸ್ವರ ನುಂಗುವುದು ಜಾಸ್ತಿ, ತಪ್ಪೂ ಜಾಸ್ತಿ. ಅದಕ್ಕೇ ಉದ್ದದವನ್ನು ಬೆಳಿಗ್ಗೆ ಬಸ್ಸಿನ ಗದ್ದಲ ಇಳಿದ ಮೇಲೆ, ಊಟಕ್ಕೆ ಮುಂಚೆ ಮುಗಿಸುತ್ತೇನೆ. ಮಧ್ಯಾಹ್ನ ಚಿಕ್ಕವನ್ನು ಕುಟ್ಟುತ್ತೇನೆ.

ಹೇಳಿದ ಮಾತು ನಮ್ಮ ಕೋಣೆಯಲ್ಲೇ ಉಳಿಯುವುದಿಲ್ಲ, ಡಾಕ್ಸ್‌ನ ಮೈಕ್ ಅದನ್ನು ಅಕ್ಷರವಾಗಿಸಲು ನೆಟ್ ಮೂಲಕ ಹೊರಗಿನ ಕಂಪ್ಯೂಟರಿಗೆ ಕಳಿಸುತ್ತದೆ. ಆದ್ದರಿಂದ ಸರ್ಕಾರಿ ಕಚೇರಿಯಲ್ಲಿರುವವರು ಸ್ವಂತ ಗೂಗಲ್ ಖಾತೆಯಲ್ಲಿ ಕಚೇರಿ ಪತ್ರ ಬರೆಯುವ ಮೊದಲು ಮೇಲಧಿಕಾರಿಗಳ ಒಪ್ಪಿಗೆ ಬರಹದಲ್ಲಿ ಪಡೆಯುವುದು ಒಳ್ಳೆಯದು. ಶಿಸ್ತು ಕ್ರಮ, ವಿಚಾರಣೆ, ಯಾರದಾದರೂ ಕಾಯಿಲೆ, ಕೋರ್ಟಿನ ವಿಷಯ ಇರುವುದನ್ನು ನಾನಂತೂ ಮೈಕ್ ಮುಂದೆ ಉಸುರುವುದಿಲ್ಲ.

ಹೊರಗಿನ ಕಂಪ್ಯೂಟರು ದೂರದ ಮಾತಾಯಿತು. ನನಗೆ ಬುದ್ಧಿ ಬಂದದ್ದು ನಮ್ಮ ಕೋಣೆಯ ಬೆಂಚಿನಿಂದ. ಒಬ್ಬ ಸದಸ್ಯರು ಮೂರು ವರ್ಷದಿಂದ ನಿರ್ವಹಣಾ ಶುಲ್ಕ ಕಟ್ಟಿರಲಿಲ್ಲ. ಅವರಿಗೆ ಬಿಡಿಯಾಗಿ ವಿವರವಾದ ಪತ್ರ ಹೋಗಬೇಕಿತ್ತು, ಹೆಸರು ಸಮೇತ ಗಟ್ಟಿಯಾಗಿ, ಸ್ವರ ನುಂಗದೆ, ವಾರ್ತೆ ಓದಿದ ಹಾಗೆ ಹೇಳುತ್ತಾ ಹೋದೆ. ಹೇಳಿ ಮುಗಿಸಿ ತಲೆ ಎತ್ತಿದರೆ ಅವರ ಪಕ್ಕದ ಮನೆಯವರು ಖಾತೆ ವರ್ಗಾವಣೆ ಅರ್ಜಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದಾರೆ. "ಅಯ್ಯೋ, ಅವ್ರದ್ದು ಇಷ್ಟೊಂದು ಬಾಕಿ ಇದ್ಯಾ ಮೇಡಂ?" ಅಂದರು. ಆ ಪತ್ರದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅಂದಿನಿಂದ ಬಾಕಿಯ ಪತ್ರಗಳೆಲ್ಲ ಕೀಬೋರ್ಡಿನಲ್ಲೇ.